ವರ್ಷಕ್ಕೆ ಶೇ. 3.5 ಬೆಳೆದರೂ ನಿಧಾನ ಅಂತಾರಲ್ಲ, ಯಾಕೆ? ಎಪ್ಪತ್ತರ ಲೆಕ್ಕ ಗೊತ್ತಿರುವವರು ಹೇಳಿ

ತುಂಗೆ ತೀರ (ತೀರ್ಥಹಳ್ಳಿ)

ಮಗಳು ಪಿಯುಸಿ ಓದುತ್ತಿದ್ದಾಳೆ, ಅರ್ಥಶಾಸ್ತ್ರ ಇದೆ. 1950ರಿಂದ 1980ರವರೆಗೆ ಭಾರತದ ಆರ್ಥಿಕತೆ ವರ್ಷಕ್ಕೆ ಸುಮಾರು ಶೇ. 3.5 ಬೆಳೆಯಿತು, ಅದು ತುಂಬಾ ನಿಧಾನ ಅಂತ ಕ್ಲಾಸಲ್ಲಿ ಹೇಳಿದ್ದಾರೆ. ಇವಳಿಗೆ ಅದು ಒಪ್ಪಿಗೆಯಾಗಿಲ್ಲ. ಎಪ್ಪತ್ತನ್ನು ದರದಿಂದ ಭಾಗಿಸಿದರೆ ಎಷ್ಟು ವರ್ಷಕ್ಕೆ ಎರಡರಷ್ಟಾಗುತ್ತೆ ಅಂತ ಗೊತ್ತಾಗುತ್ತೆ ಅಲ್ವಾ, ಆ ಲೆಕ್ಕ ಹಾಕಿದಳು. 70 ಭಾಗಿಸು 3.5, ಇಪ್ಪತ್ತು ವರ್ಷ. ಅಂದರೆ ಮೂವತ್ತು ವರ್ಷದಲ್ಲಿ ದೇಶದ ಆದಾಯ ಹತ್ತಿರ ಹತ್ತಿರ ಮೂರು ಪಟ್ಟು ಆಗಿರಬೇಕು.

ಪಕ್ಕದಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದ ನಮ್ಮ ಅತ್ತೆ ಇದನ್ನು ಕೇಳಿ, "ಮೂರು ಪಟ್ಟಾ? ನಾನು ಮದುವೆಯಾಗಿ ಈ ಮನೆಗೆ ಬಂದಾಗಲೂ ಒಂದೇ ಲಾಟೀನು, ಎಂಬತ್ತರಲ್ಲೂ ಅದೇ ಲಾಟೀನು" ಅಂದರು. ಈಗ ಮಗಳ ಲೆಕ್ಕ ತಪ್ಪಾ, ಅತ್ತೆಯ ಮಾತು ತಪ್ಪಾ ಅಂತ ನನಗೆ ಹೇಳೋಕೆ ಆಗುತ್ತಿಲ್ಲ. ಒಂದೆರಡು ಪರ್ಸೆಂಟಿಗೆ ಅಷ್ಟೊಂದು ಬೆಲೆ ಯಾಕೆ ಅನ್ನೋದೂ ಗೊತ್ತಾಗಬೇಕು.

ಭದ್ರಾವತಿ ಹುಡುಗ

ಅಕ್ಕ, ನಿಮ್ಮ ಮಗಳ ಲೆಕ್ಕ ಸರಿಯಾಗಿದೆ. ಒಂದು ಪರ್ಸೆಂಟಿನ ವ್ಯತ್ಯಾಸವನ್ನು ಸುಮ್ನೆ ದೊಡ್ಡದು ಮಾಡುತ್ತಾರೆ ಅಂತ ನನಗೂ ಅನ್ನಿಸುತ್ತೆ. ಒಂದು ದೇಶ ಶೇ. 6, ಇನ್ನೊಂದು ಶೇ. 7 ಬೆಳೆಯಿತು ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ನೂರಕ್ಕೆ ಒಂದು ರೂಪಾಯಿ ಜಾಸ್ತಿ. 35 ವರ್ಷಕ್ಕೆ 35 ರೂಪಾಯಿ ಜಾಸ್ತಿ. ಅದಕ್ಕಿಂತ ಹೆಚ್ಚೇನಿಲ್ಲ.

ಹಳೇ ಮೇಷ್ಟ್ರು (ಶಿವಮೊಗ್ಗ)

ತುಂಗೆ ತೀರ ಅವರೇ, ಲೆಕ್ಕವೂ ಸರಿ, ನಿಮ್ಮ ಅತ್ತೆಯ ಮಾತೂ ಸರಿ. ನಡುವೆ ಒಂದು ಹೆಜ್ಜೆ ಬಿಟ್ಟುಹೋಗಿದೆ ಅಷ್ಟೆ.

ಶೇ. 3.5 ಅನ್ನೋದು ಇಡೀ ದೇಶದ ಆದಾಯ ಬೆಳೆದ ದರ. ಆ ಮೂವತ್ತು ವರ್ಷದಲ್ಲಿ ಜನಸಂಖ್ಯೆಯೂ ವರ್ಷಕ್ಕೆ ಸುಮಾರು ಶೇ. 2.2 ಬೆಳೆಯುತ್ತಿತ್ತು. ಅನ್ನದ ಪಾತ್ರೆ ದೊಡ್ಡದಾಯಿತು, ಪಂಕ್ತಿಯಲ್ಲಿ ಕೂತವರೂ ಹೆಚ್ಚಾದರು. ಒಬ್ಬೊಬ್ಬರ ಎಲೆಗೆ ಎಷ್ಟು ಬಿತ್ತು ಅಂತ ನೋಡಬೇಕಾದರೆ ಒಂದರಿಂದ ಇನ್ನೊಂದನ್ನು ಕಳೆಯಬೇಕು. ಉಳಿಯೋದು ಶೇ. 1.3. ಈಗ ಎಪ್ಪತ್ತನ್ನು 1.3ರಿಂದ ಭಾಗಿಸಿ. 54 ವರ್ಷ ಬರುತ್ತೆ. ಇಪ್ಪತ್ತು ವರ್ಷ ಅಲ್ಲ.

ಈ 54ನ್ನು ಆಗಿನ ಕಾಲದಲ್ಲಿ ಇಟ್ಟು ನೋಡಿ. 1951ರ ಸುಮಾರಿಗೆ ನಮ್ಮ ದೇಶದಲ್ಲಿ ಹುಟ್ಟಿದವರ ಸರಾಸರಿ ಆಯಸ್ಸು 32 ವರ್ಷದ ಆಸುಪಾಸಿನಲ್ಲಿತ್ತು. ಅದೇ ದರ ಮುಂದುವರಿದಿದ್ದರೆ ತಲಾ ಆದಾಯ ಎರಡರಷ್ಟಾಗೋಕೆ 2004 ಬರಬೇಕಿತ್ತು. ಮೂವತ್ತು ವರ್ಷದಲ್ಲಿ ಆಗಿದ್ದು ನೂರು ರೂಪಾಯಿ ಇದ್ದದ್ದು 147 ಆದಷ್ಟು. ಅದೂ ಸರಾಸರಿ, ಎಲ್ಲರ ಮನೆಗೂ ಬಂದದ್ದಲ್ಲ. ಲಾಟೀನು ಬದಲಾಗದೇ ಇದ್ದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ದರಕ್ಕೆ "ಹಿಂದೂ ಬೆಳವಣಿಗೆ ದರ" ಅಂತ ಹೆಸರು ಕೊಟ್ಟವರು ರಾಜ್ ಕೃಷ್ಣ ಅನ್ನುವ ಅರ್ಥಶಾಸ್ತ್ರಜ್ಞರು, 1978ರಲ್ಲಿ. ಧರ್ಮಕ್ಕೂ ಆ ಲೆಕ್ಕಕ್ಕೂ ಸಂಬಂಧ ಇಲ್ಲ. ನನಗೆ ಆ ಹೆಸರು ಇಷ್ಟವಿಲ್ಲ. ಪರೀಕ್ಷೆಯಲ್ಲಿ ಕೇಳುತ್ತಾರೆ ಅಂತ ಹೇಳಿದೆ.

ಭದ್ರಾವತಿಯವರ ಮಾತಿಗೆ ಸಂಜೆ ಉತ್ತರ ಬರೆಯುತ್ತೇನೆ. ಅದರಲ್ಲಿ ತಪ್ಪೂ ಇದೆ, ಒಂದು ಒಳ್ಳೆಯ ವಿಷಯವೂ ಇದೆ.

ಸಾಗರ ಅಡಿಕೆ

ಎಪ್ಪತ್ತರ ಲೆಕ್ಕ ಅಂದ ತಕ್ಷಣ ನಾನು ಬಡ್ಡಿ ವಿಷಯ ಅಂದುಕೊಂಡು ಓದಿದೆ. ದೇಶದ ಸಂಗತಿ ನನಗೆ ಅಷ್ಟು ತಿಳಿಯುವುದಿಲ್ಲ, ಆದರೆ ನನ್ನದೇ ಒಂದು ಇದೆ, ಇಲ್ಲಿ ಹೇಳಬಹುದಾ?

ಒಂದು ವರ್ಷ ಮಳೆ ಬಿಡಲೇ ಇಲ್ಲ. ಎರಡನೇ ಸಲ ಬೋರ್ಡೋ ಹೊಡೆಯೋಕೆ ಆಗದೆ ಕೊಳೆ ರೋಗ ಬಂದು ಅರ್ಧ ತೋಟದ ಕಾಯಿ ಉದುರಿತು. ಪರಿಚಯದವರೊಬ್ಬರ ಹತ್ತಿರ 50,000 ಕೈಸಾಲ ತಂದೆ, ನೂರಕ್ಕೆ ಎರಡು ರೂಪಾಯಿ ಬಡ್ಡಿ. ಕೊಡೋಕೆ ಆಗಲಿಲ್ಲ, ಹಾಗೇ ಬಿಟ್ಟೆ. ವರ್ಷ ವರ್ಷ ಬರುತ್ತಿದ್ದರು, ಪ್ರೋನೋಟು ಹೊಸದಾಗಿ ಬರೆಸಿಕೊಂಡು ಹೋಗುತ್ತಿದ್ದರು. ಆರು ವರ್ಷ ಆದಮೇಲೆ 1,81,000 ಚಿಲ್ಲರೆ ಅಂದರು. ತಿಂಗಳಿಗೆ ಸಾವಿರ ರೂಪಾಯಿ ಬಡ್ಡಿ, ವರ್ಷಕ್ಕೆ ಹನ್ನೆರಡು ಸಾವಿರ, ಆರು ವರ್ಷಕ್ಕೆ 72,000. ಅಸಲು ಸೇರಿ 1,22,000 ಆಗಬೇಕಿತ್ತು. ಅರವತ್ತು ಸಾವಿರ ಎಲ್ಲಿಂದ ಬಂತು ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಮೋಸ ಅಲ್ವಾ ಇದು?

ಸೊಸೈಟಿ ಲೆಕ್ಕ (ಹೊಸನಗರ)

ಅಣ್ಣ, ನಾನು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು. ಆ ಅರವತ್ತು ಸಾವಿರ ಬಂದದ್ದು ಪ್ರೋನೋಟು ಹೊಸದಾಗಿ ಬರೆದ ದಿನಗಳಿಂದ.

ನೂರಕ್ಕೆ ಎರಡು ಅಂದರೆ ವರ್ಷಕ್ಕೆ ಶೇ. 24. ಮೊದಲನೇ ವರ್ಷದ ಕೊನೆಗೆ ನಿಮ್ಮ ಬಾಕಿ 62,000. ಹೊಸ ಪ್ರೋನೋಟಿನಲ್ಲಿ 50,000 ಅಸಲು, 12,000 ಬಡ್ಡಿ ಅಂತ ಬೇರೆ ಬೇರೆ ಬರೆದಿರುವುದಿಲ್ಲ. 62,000 ಅಸಲು ಅಂತಲೇ ಇರುತ್ತೆ. ಮುಂದಿನ ವರ್ಷ ಬಡ್ಡಿ ಆ 62,000ಕ್ಕೆ. ಎರಡನೇ ವರ್ಷದ ಕೊನೆಗೆ 76,880. ಮೂರನೇ ವರ್ಷಕ್ಕೆ 95,331. ಆರನೇ ವರ್ಷಕ್ಕೆ 1,81,761. ಅವರು ಹೇಳಿದ ಮೊತ್ತ ಇದೇ. ಚಕ್ರಬಡ್ಡಿ ಅಂತ ಬಾಯಲ್ಲಿ ಹೇಳಿರಲಿಕ್ಕಿಲ್ಲ, ಆದರೆ ಕಾಗದ ಬದಲಾಯಿಸಿದಾಗಲೆಲ್ಲ ಅದು ಚಕ್ರಬಡ್ಡಿ ಆಗಿಬಿಡುತ್ತೆ. ಹಳೇ ಕಾಗದದ ಅಸಲೂ ಹೊಸ ಕಾಗದದ ಅಸಲೂ ಒಂದೇನಾ ಅಂತ ನೋಡಿದರೆ ತಿಳಿಯುತ್ತೆ.

ಇನ್ನೊಂದು ಮಾತು. ನೂರಕ್ಕೆ ಎರಡರ ಬದಲು ಮೂರು ಅಂತ ಒಪ್ಪಿಕೊಂಡಿದ್ದರೆ? ಒಂದೇ ರೂಪಾಯಿ ಜಾಸ್ತಿ. ಅದೇ ಆರು ವರ್ಷಕ್ಕೆ 3,16,000 ದಾಟುತ್ತಿತ್ತು. ಅಕ್ಕ ಕೇಳಿದ ಪ್ರಶ್ನೆಗೆ ಇದೂ ಒಂದು ಉತ್ತರ. ದೇಶಕ್ಕೆ ನಲವತ್ತು ವರ್ಷ ಬೇಕಾಗೋದು ಕೈಸಾಲಕ್ಕೆ ಆರೇ ವರ್ಷದಲ್ಲಿ ಕಾಣುತ್ತೆ.

ತುಂಗೆ ತೀರ (ತೀರ್ಥಹಳ್ಳಿ)

ಸಾಗರದ ಅಣ್ಣ, ಧಾರಾಳವಾಗಿ ಹೇಳಿ, ಇದು ಬೇರೆ ವಿಷಯ ಅಲ್ಲ. ಮಗಳು ಈಗ ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದಾಳೆ. 70 ಭಾಗಿಸು 24 ಅಂದರೆ ಮೂರು ವರ್ಷಕ್ಕೂ ಸ್ವಲ್ಪ ಕಡಿಮೆ ಬರುತ್ತೆ. ಆದರೆ ಮೂರು ವರ್ಷ ತುಂಬಿದರೂ 95,331 ಅಷ್ಟೇ, ಲಕ್ಷ ಆಗಿಲ್ಲ. ಎಪ್ಪತ್ತರ ಲೆಕ್ಕ ಇಲ್ಲಿ ತಪ್ಪಿತಲ್ಲ ಅಂತ ಕೇಳುತ್ತಿದ್ದಾಳೆ. ಎಪ್ಪತ್ತೇ ಯಾಕೆ, ಅದು ಎಲ್ಲಿಂದ ಬಂತು ಅಂತಲೂ ಕೇಳುತ್ತಿದ್ದಾಳೆ.

ಹಳೇ ಮೇಷ್ಟ್ರು (ಶಿವಮೊಗ್ಗ)

ಒಳ್ಳೆಯ ಜಾಗದಲ್ಲಿ ಹಿಡಿದಿದ್ದಾಳೆ. ಲಾಗರಿದಮ್ ಇಲ್ಲದೆ ಹೇಳೋಕೆ ನೋಡುತ್ತೇನೆ.

ನೂರು ರೂಪಾಯಿ, ವರ್ಷಕ್ಕೆ ಶೇ. 1, ಎಪ್ಪತ್ತು ವರ್ಷ. ಬಡ್ಡಿಗೆ ಬಡ್ಡಿ ಇಲ್ಲದಿದ್ದರೆ ಎಪ್ಪತ್ತು ರೂಪಾಯಿ ಸೇರಿ 170 ಆಗುತ್ತೆ. ಚಕ್ರಬಡ್ಡಿಯಲ್ಲಿ 200 ಆಗುತ್ತೆ. ಉಳಿದ ಮೂವತ್ತು ಬಡ್ಡಿಯ ಮೇಲಿನ ಬಡ್ಡಿ. ಶೇ. 2ಕ್ಕೆ 35 ವರ್ಷ ಹಾಕಿ, ಅಲ್ಲೂ ನೇರ ಬಡ್ಡಿ ಎಪ್ಪತ್ತು, ಮೇಲಿನದು ಮೂವತ್ತು. ಎರಡರಷ್ಟಾಗುವ ಹೊತ್ತಿಗೆ ಬೆಳವಣಿಗೆಯ ಸುಮಾರು ಎಪ್ಪತ್ತು ಭಾಗವನ್ನು ದರ ತಾನೇ ದುಡಿದಿರುತ್ತೆ, ಉಳಿದ ಮೂವತ್ತನ್ನು ಬಡ್ಡಿಯ ಮರಿಗಳು ದುಡಿದಿರುತ್ತವೆ. ಎಪ್ಪತ್ತು ಬಂದದ್ದು ಅಲ್ಲಿಂದ.

ಶೇ. 24ರಲ್ಲಿ ತಪ್ಪೋದಕ್ಕೆ ಕಾರಣವೂ ಅದರೊಳಗೇ ಇದೆ. ಅಲ್ಲಿ ಬಡ್ಡಿ ವರ್ಷಕ್ಕೆ ಒಂದೇ ಸಲ ಅಸಲಿಗೆ ಸೇರುತ್ತೆ. ಮೂರೇ ವರ್ಷದಲ್ಲಿ ಮರಿ ಹಾಕೋಕೆ ಹೆಚ್ಚು ಸಲ ಅವಕಾಶ ಸಿಗುವುದಿಲ್ಲ. ಹಾಗಾಗಿ ಸ್ವಲ್ಪ ತಡ, ಸುಮಾರು 3.2 ವರ್ಷ ಬೇಕು. ಅದೇ ಸಾಲಕ್ಕೆ ತಿಂಗಳು ತಿಂಗಳು ಬಡ್ಡಿ ಅಸಲಿಗೆ ಸೇರುತ್ತಿತ್ತು ಅಂದರೆ ತಿಂಗಳಿಗೆ ಶೇ. 2, 70 ಭಾಗಿಸು 2, 35 ತಿಂಗಳು. ಸರಿಯಾಗಿ ಲಕ್ಷ ಆಗಿರುತ್ತಿತ್ತು. ಮಗಳಿಗೆ ಮಾಡಿ ನೋಡಲು ಹೇಳಿ.

ದೇಶಗಳ ಬೆಳವಣಿಗೆ ಶೇ. 1, 2, 3 ಹೀಗೆ ಸಣ್ಣ ದರ, ಅಲ್ಲಿ ಎಪ್ಪತ್ತು ಚೆನ್ನಾಗಿ ಕೂರುತ್ತೆ.

ಸೊಸೈಟಿ ಲೆಕ್ಕ (ಹೊಸನಗರ)

ನಮ್ಮಲ್ಲಿ ಠೇವಣಿಗೆ 72 ಬಳಸುತ್ತೇವೆ ಸರ್. ಶೇ. 8ಕ್ಕೆ ಒಂಬತ್ತು ವರ್ಷ, ಕರೆಕ್ಟಾಗಿ ಬರುತ್ತೆ. 6ಕ್ಕೂ 9ಕ್ಕೂ 12ಕ್ಕೂ ಸಲೀಸಾಗಿ ಭಾಗ ಹೋಗುತ್ತೆ ಅನ್ನೋದೂ ಒಂದು ಕಾರಣ.

ಹಳೇ ಮೇಷ್ಟ್ರು (ಶಿವಮೊಗ್ಗ)

ಹೌದು, ಶೇ. 8ರ ಹತ್ತಿರ 72ಏ ಸರಿ.

ಈಗ ಭದ್ರಾವತಿಯವರ 35 ರೂಪಾಯಿ. ನೂರು ರೂಪಾಯಿ ಶೇ. 6ರಲ್ಲಿ 35 ವರ್ಷಕ್ಕೆ ಸುಮಾರು 769 ಆಗುತ್ತೆ. ಶೇ. 7ರಲ್ಲಿ ಸುಮಾರು 1,068. ವ್ಯತ್ಯಾಸ 35 ಅಲ್ಲ, ಮುನ್ನೂರು. ಶುರುವಿನಲ್ಲಿ ಇದ್ದ ಇಡೀ ಆಸ್ತಿಯ ಮೂರರಷ್ಟು.

ಆದರೆ ಇನ್ನೊಂದು ರೀತಿ ನೋಡಿ. 1,068 ಅನ್ನೋದು 769ರ ಎಷ್ಟು ಪಟ್ಟು? ಸುಮಾರು 1.39. ಅಂದರೆ ಎರಡನೆಯವನು ಮೊದಲನೆಯವನಿಗಿಂತ ಶೇ. 39 ಮುಂದೆ. ನೀವು ಹೇಳಿದ 35ಕ್ಕೆ ಹತ್ತಿರವೇ ಇದೆ! ಯಾಕೆಂದರೆ ಇಬ್ಬರ ನಡುವಿನ ಅಂತರವೂ ತನ್ನದೇ ಚಕ್ರಬಡ್ಡಿಯಲ್ಲಿ ಬೆಳೆಯುತ್ತೆ, ದರ ಸುಮಾರು ಶೇ. 1. ಎಪ್ಪತ್ತರ ಲೆಕ್ಕವನ್ನು ದರಗಳ ವ್ಯತ್ಯಾಸಕ್ಕೇ ಹಾಕಬಹುದು. ನಾನು ಪಾಠ ಮಾಡುತ್ತಿದ್ದಾಗ ಇದೊಂದನ್ನು ಬೋರ್ಡಿನ ಮೂಲೆಯಲ್ಲಿ ಬರೆದು ವಾರಪೂರ್ತಿ ಅಳಿಸಲು ಬಿಡುತ್ತಿರಲಿಲ್ಲ.

ಇವತ್ತು ಸಮಾನವಾಗಿರುವ ಎರಡು ಊರುಗಳು. ಒಂದು ಶೇ. 1.5, ಇನ್ನೊಂದು ಶೇ. 3.5. ವ್ಯತ್ಯಾಸ 2. ಎಪ್ಪತ್ತನ್ನು ಎರಡರಿಂದ ಭಾಗಿಸಿದರೆ 35. ಮೂವತ್ತೈದು ವರ್ಷ ಆದಮೇಲೆ ಒಂದು ಊರಿನವರು ಇನ್ನೊಂದು ಊರಿನವರ ಎರಡರಷ್ಟು ಸ್ಥಿತಿವಂತರು. ಎರಡೂ ಊರು ಬೆಳೆದಿವೆ, ಯಾರೂ ಹಿಂದೆ ಹೋಗಿಲ್ಲ. ಯಾವ ಒಂದು ವರ್ಷವನ್ನು ತೆಗೆದು ನೋಡಿದರೂ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿರುವುದಿಲ್ಲ.

ನಿಜವಾಗಿ ನಡೆದದ್ದು ದಕ್ಷಿಣ ಕೊರಿಯಾ ಮತ್ತು ನಮ್ಮ ದೇಶ. 1960ರ ಹೊತ್ತಿಗೆ ಎರಡೂ ಬಡ ದೇಶಗಳೇ, ಕೊರಿಯಾ ಸ್ವಲ್ಪ ಮೇಲಿತ್ತು. 1965ರಿಂದ 1990ರವರೆಗೆ ತಲಾ ಆದಾಯ ಅಲ್ಲಿ ವರ್ಷಕ್ಕೆ ಸುಮಾರು ಶೇ. 7, ಇಲ್ಲಿ ಸುಮಾರು ಶೇ. 2. ವ್ಯತ್ಯಾಸ 5, ಹದಿನಾಲ್ಕು ವರ್ಷಕ್ಕೊಮ್ಮೆ ಅಂತರ ಎರಡರಷ್ಟು. ಇಪ್ಪತ್ತೈದು ವರ್ಷಕ್ಕೆ ಮೊದಲಿದ್ದ ಅಂತರ ಮೂರು ಪಟ್ಟಿಗಿಂತ ಜಾಸ್ತಿ ಹಿಗ್ಗಿತು. ಒಬ್ಬ ಹುಡುಗ ಶಾಲೆಗೆ ಸೇರಿ, ಓದು ಮುಗಿಸಿ, ಕೆಲಸ ಹಿಡಿಯುವಷ್ಟರಲ್ಲಿ.

ಭದ್ರಾವತಿ ಹುಡುಗ

ಮೇಷ್ಟ್ರೇ, ಒಪ್ಪಿದೆ. ಈಗ ಇದನ್ನೇ ನಮ್ಮ ಕಡೆಗೆ ಹಾಕಿ ನೋಡಿದೆ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡೋದು, ಹಬ್ಬಕ್ಕೆ ಮಾತ್ರ ಊರು. 2001ರಿಂದ 2011ಕ್ಕೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65.37 ಲಕ್ಷದಿಂದ 96.22 ಲಕ್ಷ ಆಯಿತು, ಶೇ. 47 ಏರಿಕೆ. ಹತ್ತು ವರ್ಷಕ್ಕೆ 47, ವರ್ಷಕ್ಕೆ ಶೇ. 4.7. ಎಪ್ಪತ್ತು ಭಾಗಿಸು 4.7, ಹದಿನೈದು ವರ್ಷಕ್ಕೆ ಎರಡರಷ್ಟು. ನಮ್ಮ ಶಿವಮೊಗ್ಗ ಜಿಲ್ಲೆ 16.43 ಲಕ್ಷದಿಂದ 17.53 ಲಕ್ಷ, ಹತ್ತು ವರ್ಷಕ್ಕೆ ಶೇ. 6.7. ಎರಡರಷ್ಟಾಗೋಕೆ ನೂರು ವರ್ಷ. ಸರಿನಾ?

ಸೊಸೈಟಿ ಲೆಕ್ಕ (ಹೊಸನಗರ)

ಹತ್ತರಿಂದ ಭಾಗಿಸಬಾರದು. ಆ 47ರ ಒಳಗೆ ಬಡ್ಡಿಯ ಬಡ್ಡಿಯೂ ಸೇರಿಕೊಂಡಿದೆ. ತಪ್ಪು ಹಿಡಿಯೋದು ಸುಲಭ, ಮುಂದಕ್ಕೆ ಓಡಿಸಿ ನೋಡಿ. 65.37 ಲಕ್ಷವನ್ನು ವರ್ಷಕ್ಕೆ ಶೇ. 4.7ರಂತೆ ಹತ್ತು ವರ್ಷ ಬೆಳೆಸಿದರೆ 103 ಲಕ್ಷ ದಾಟುತ್ತೆ. ಎಣಿಸಿದ್ದು 96. ಏಳು ಲಕ್ಷ ಜನ ಹೆಚ್ಚಾಗಿ ಬಂದುಬಿಟ್ಟರು! ಮೊಬೈಲಿನಲ್ಲಿ ಹೀಗೆ ಹಾಕಿ:

```
(96.22/65.37)^(1/10) - 1
```

0.039 ಬರುತ್ತೆ. ಅಂದರೆ ಶೇ. 3.9, ಎರಡರಷ್ಟಾಗೋಕೆ ಹದಿನೆಂಟು ವರ್ಷ. ಹದಿನೈದಲ್ಲ. ಶಿವಮೊಗ್ಗಕ್ಕೆ ಇದೇ ಹಾಕಿದರೆ ಶೇ. 0.65, ಸುಮಾರು 107 ವರ್ಷ. ಅಲ್ಲಿ ನಿಮ್ಮ ಉತ್ತರ ಹತ್ತಿರ ಬಂತು, ಏಕೆಂದರೆ ಏರಿಕೆ ಸಣ್ಣದಿದ್ದಾಗ ಭಾಗಿಸಿದರೂ ಅಷ್ಟಾಗಿ ಕೆಡುವುದಿಲ್ಲ.

ಸಾಗರ ಅಡಿಕೆ

ನೂರೇಳು ವರ್ಷ ಅಂತ ಲೆಕ್ಕ ಹೇಳಬಹುದು, ನಮ್ಮ ಊರಲ್ಲಿ ಜನ ಜಾಸ್ತಿ ಆಗೋದು ಹೋಗಲಿ, ಕೊನೆ ಕೊಯ್ಯೋಕೆ ಹುಡುಗರೇ ಸಿಗುತ್ತಿಲ್ಲ. ಓದಿದವರೆಲ್ಲ ಆ ಹದಿನೆಂಟು ವರ್ಷದ ಊರಿಗೆ ಹೋದರು.

ಹಳೇ ಮೇಷ್ಟ್ರು (ಶಿವಮೊಗ್ಗ)

ಸಾಗರದವರು ಹೇಳಿದ್ದು ಸರಿಯಾದ ಎಚ್ಚರಿಕೆ. ಎಪ್ಪತ್ತರ ಲೆಕ್ಕ "ಇದೇ ದರ ಹೀಗೇ ಇದ್ದರೆ" ಅಂತ ಮಾತ್ರ ಹೇಳುತ್ತೆ. ಇರುತ್ತೆ ಅಂತ ಹೇಳುವುದಿಲ್ಲ. ಅದೇ ಹತ್ತು ವರ್ಷದಲ್ಲಿ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಸ್ವಲ್ಪ ಇಳಿದೇ ಇತ್ತು. 2021ರಲ್ಲಿ ಜನಗಣತಿ ನಡೆಯಲಿಲ್ಲ, ಹಾಗಾಗಿ 2011ರ ದರವನ್ನೇ ಎಳೆದುಕೊಂಡು ಬಂದು ಇವತ್ತಿನ ಲೆಕ್ಕ ಹೇಳುವವರನ್ನು ಸ್ವಲ್ಪ ನಿಧಾನವಾಗಿ ನಂಬಿ.

ದರ ಏರಿಳಿಯುವ ಕಡೆ ಇನ್ನೊಂದು ಎಡವಟ್ಟು ಆಗುತ್ತೆ. ಅಡಿಕೆ ಧಾರಣೆ ಒಂದು ವರ್ಷ ಶೇ. 50 ಏರಿ ಮುಂದಿನ ವರ್ಷ ಶೇ. 50 ಇಳಿದರೆ ಸರಾಸರಿ ಸೊನ್ನೆ ಅನ್ನಿಸುತ್ತೆ. ಆದರೆ ನೂರು ಇದ್ದದ್ದು 150 ಆಗಿ, ಆಮೇಲೆ 75 ಆಗುತ್ತೆ. ಕಾಲು ಭಾಗ ಹೋಯಿತು. ವರ್ಷ ವರ್ಷದ ಪರ್ಸೆಂಟುಗಳನ್ನು ಕೂಡಿ ಭಾಗಿಸಬೇಡಿ. ಹೊಸನಗರದವರು ತೋರಿಸಿದ ಹಾಗೆ ಮೊದಲ ಸಂಖ್ಯೆ, ಕೊನೆಯ ಸಂಖ್ಯೆ, ನಡುವಿನ ವರ್ಷಗಳು, ಇಷ್ಟೇ ಹಿಡಿಯಿರಿ. ಮೊದಲ ವರ್ಷ ಯಾವುದು ಅಂತಲೂ ನೋಡಿ. ಧಾರಣೆ ಬಿದ್ದುಹೋಗಿದ್ದ ವರ್ಷದಿಂದ ಶುರು ಮಾಡಿದರೆ ಯಾವ ಬೆಳೆಯ ಬೆಳವಣಿಗೆಯೂ ಚಂದ ಕಾಣುತ್ತೆ.

ತುಂಗೆ ತೀರ (ತೀರ್ಥಹಳ್ಳಿ)

ಮೇಷ್ಟ್ರೇ, ಹಾಗಾದರೆ ಆ ಮೂವತ್ತು ವರ್ಷ ಸುಮ್ನೆ ಹಾಳಾಯಿತು ಅಂತ ಅರ್ಥನಾ? ಅತ್ತೆಗೆ ಇದನ್ನು ಹೇಳಿದಾಗ ಬೇಜಾರು ಮಾಡಿಕೊಂಡರು. ಆಗಲೇ ಅಲ್ವಾ ಊರಿಗೆ ಶಾಲೆ ಬಂದದ್ದು, ಲಿಂಗನಮಕ್ಕಿ ಕಟ್ಟೆ ಆದದ್ದು ಅಂದರು.

ಹಳೇ ಮೇಷ್ಟ್ರು (ಶಿವಮೊಗ್ಗ)

ಹಾಳಾಯಿತು ಅಂತ ನಾನು ಹೇಳುವುದಿಲ್ಲ. ಬ್ರಿಟಿಷರ ಕಾಲದ ಕೊನೆಯ ನಲವತ್ತೈದು ಐವತ್ತು ವರ್ಷ ತಲಾ ಆದಾಯ ಹೆಚ್ಚು ಕಡಿಮೆ ನಿಂತಲ್ಲೇ ನಿಂತಿತ್ತು, ಸೊನ್ನೆಯ ಆಸುಪಾಸು. ಸೊನ್ನೆಯಿಂದ 1.3ಕ್ಕೆ ಬಂದದ್ದು ಸಣ್ಣದಲ್ಲ. ಸೊನ್ನೆಗೆ ಎಪ್ಪತ್ತನ್ನು ಭಾಗಿಸೋಕೇ ಬರುವುದಿಲ್ಲ, ಎಷ್ಟು ವರ್ಷ ಕಾದರೂ ಎರಡರಷ್ಟಾಗದು. ಆಮೇಲೆ ದರ ಏರಿತು. 1980, 90ರ ದಶಕಗಳಲ್ಲಿ ತಲಾ ಆದಾಯ ವರ್ಷಕ್ಕೆ ಶೇ. 3.5ರ ಹತ್ತಿರ ಬಂತು. ನಿಮ್ಮ ಮಗಳು ಹಾಕಿದ ಇಪ್ಪತ್ತು ವರ್ಷದ ಲೆಕ್ಕ ಆಗ ನಿಜವಾಯಿತು.

ಭದ್ರಾವತಿ ಹುಡುಗ

ಅದು 1991ರ ಉದಾರೀಕರಣದಿಂದ ತಾನೇ? ನಮಗೆ ಹಾಗೇ ಕಲಿಸಿದ್ದು. ಅದೇ ಮೊದಲೇ ಮಾಡಿದ್ದರೆ ಕೊರಿಯಾ ಆಗುತ್ತಿದ್ದೆವು.

ಹಳೇ ಮೇಷ್ಟ್ರು (ಶಿವಮೊಗ್ಗ)

ಹಾಗೆ ಕಲಿಸಿದವರಲ್ಲಿ ನಾನೂ ಇದ್ದೇನೆ. ಆದರೆ ಅಂಕಿಗಳಲ್ಲಿ ತಿರುವು ಕಾಣೋದು 1980ರ ಸುಮಾರಿಗೇ, ಹತ್ತು ವರ್ಷ ಮೊದಲು. ಡ್ಯಾನಿ ರಾಡ್ರಿಕ್ ಮತ್ತು ಅರವಿಂದ ಸುಬ್ರಮಣಿಯನ್ ಈ ವಾದ ಮಾಡಿದವರು. ಎಂಬತ್ತರ ದಶಕದ ಬೆಳವಣಿಗೆ ಸಾಲದ ಮೇಲೆ ನಿಂತದ್ದು, 91 ಆಗದಿದ್ದರೆ ಉಳಿಯುತ್ತಿರಲಿಲ್ಲ ಅಂತ ಇನ್ನು ಕೆಲವರು. ನನ್ನ ಮನಸ್ಸು ಮೊದಲಿನವರ ಕಡೆ ವಾಲುತ್ತೆ. ಕೊರಿಯಾ ಆಗುತ್ತಿದ್ದೆವು ಅನ್ನೋದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಅಲ್ಲಿ ಭೂ ಸುಧಾರಣೆ, ಶಾಲೆ ಎರಡೂ ಮೊದಲೇ ಆಗಿದ್ದವು, ಬರೀ ಮಾರುಕಟ್ಟೆ ತೆರೆದದ್ದರಿಂದ ಬಂದ ಶೇ. 7 ಅಲ್ಲ ಅದು.

ಭದ್ರಾವತಿ ಹುಡುಗ

ಈ ವಿಷಯದಲ್ಲಿ ನಾನು ಒಪ್ಪಲ್ಲ ಮೇಷ್ಟ್ರೇ. ಬೇರೆ ಚರ್ಚೆ ತೆರೆಯುತ್ತೇನೆ, ಅಲ್ಲಿಗೆ ಬನ್ನಿ.

ಸಾಗರ ಅಡಿಕೆ

ನನ್ನದೊಂದು ಉಳಿಯಿತು. ಪೆಟ್ಟಿಗೆಯಲ್ಲಿ ಹಳೇ ಪ್ರೋನೋಟುಗಳ ನಕಲು ಮೂರು ಸಿಕ್ಕವು. ಒಂದರಲ್ಲಿ 62,000, ಮುಂದಿನದರಲ್ಲಿ 76,880, ಇನ್ನೊಂದರಲ್ಲಿ 95,500 ಅಂತ ಇದೆ. ತಂಗಿ ಹೇಳಿದ್ದು 95,331. ಈ 169 ರೂಪಾಯಿ ಯಾವುದು?

ಸೊಸೈಟಿ ಲೆಕ್ಕ (ಹೊಸನಗರ)

ಅದು ಲೆಕ್ಕದಿಂದ ಬರುವ ದುಡ್ಡಲ್ಲ ಅಣ್ಣ, ಚಿಲ್ಲರೆ ಬೇಡ ಅಂತ ಮೇಲಕ್ಕೆ ಹಾಕಿಕೊಂಡಿದ್ದಾರೆ. ಆದರೆ ಅದಕ್ಕೂ ಮುಂದಿನ ಮೂರು ವರ್ಷ ಶೇ. 24 ಬಿದ್ದರೆ 322 ರೂಪಾಯಿ ಆಗುತ್ತೆ. ಕೊನೆಗೆ ಕೇಳಿದ ಮೊತ್ತ 1,81,761ರ ಹತ್ತಿರ ಇತ್ತಾ, 1,82,083ರ ಹತ್ತಿರ ಇತ್ತಾ? ಉಳಿದ ಕಾಗದವೂ ಸಿಕ್ಕರೆ ತನ್ನಿ, ಕೂತು ನೋಡೋಣ.